ಏಳನೆಯ ಪ್ರಶ್ನೆ

ಜನವರಿ 8, 2026, ಗುರುವಾರ, ಶಿವಮೊಗ್ಗ

ಸಂಜೆ ಹಳೆಯ ವಿದ್ಯಾರ್ಥಿನಿ ಬಂದಿದ್ದಳು. ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಧರ್ಮ ಬೇಡವೆಂದವರು ಅವಳ ವಿಷಯ. ಎಂಥ ಧೈರ್ಯ ಅಂದುಕೊಂಡೆ. ಊರಲ್ಲಿ ಯಾವ ರಸ್ತೆಗೆ ಹೋದರೂ ಮೈಕು, ಬಂಟಿಂಗ್ಸ್, ಒಂದಲ್ಲ ಒಂದು ಉತ್ಸವ. ಅದರ ನಡುವೆ ಇವಳು ಅದ್ಯಾವುದೂ ಬೇಡ ಎಂದವರನ್ನು ಹುಡುಕುತ್ತಾಳಂತೆ.

ಪ್ರಶ್ನಾವಳಿಯ ಕರಡು ತೋರಿಸಿದಳು. ಮೊದಲ ಪ್ರಶ್ನೆಯೇ "ನೀವು ನಾಸ್ತಿಕರೇ? ಹೌದು / ಇಲ್ಲ." ಮನೆ ಬಾಗಿಲಲ್ಲಿ ನಿಂತು, ಒಳಗೆ ಅತ್ತೆ ದೀಪ ಹಚ್ಚುತ್ತಿರುವಾಗ, ಸೊಸೆಗೆ ಈ ಪ್ರಶ್ನೆ ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಕೇಳಿದೆ. ನಕ್ಕಳು. ನಮ್ಮ ಕಡೆ ನಾಸ್ತಿಕ ಎಂಬುದು ಬೈಗುಳಕ್ಕೆ ಸಮೀಪದ ಮಾತು. ಬಯ್ಯಿಸಿಕೊಳ್ಳಲು ಯಾರು ತಾನೇ ಹೌದು ಅನ್ನುತ್ತಾರೆ?

"ಹಾಗಾದರೆ ಏನು ಕೇಳಲಿ ಮೇಡಂ?"

ಮೊದಲು ಬೇರೆಯವರು ಏನು ಕೇಳಿದ್ದಾರೆ, ಏನು ಸಿಕ್ಕಿದೆ ನೋಡು ಎಂದೆ. ಕಾಫಿ ಕುಡಿದು ಹೋದಳು. ಕರಡು ಇಲ್ಲೇ ಬಿಟ್ಟಿದ್ದಾಳೆ, ಬೇಕೆಂದೇ ಇರಬೇಕು.

ಜನವರಿ 11, ಭಾನುವಾರ

ಇವತ್ತು ಪೂರ್ತಿ ಅಂಕಿಗಳ ಜೊತೆ ಕೂತೆ. ಕಾಲೇಜು ಬಿಟ್ಟ ಮೇಲೆ ಈ ಸುಖ ಕಡಿಮೆಯಾಗಿತ್ತು.

2011ರ ಜನಗಣತಿಯಲ್ಲಿ ಮನುಷ್ಯನೊಬ್ಬನ ಧರ್ಮ ಏಳನೆಯ ಪ್ರಶ್ನೆ. ಹಿಂದೂ 1, ಮುಸ್ಲಿಂ 2, ಕ್ರೈಸ್ತ 3, ಸಿಖ್ 4, ಬೌದ್ಧ 5, ಜೈನ 6. ಬೇರೆ ಏನಾದರೂ ಇದ್ದರೆ ಸಂಕೇತ ಹಾಕದೆ ಹೆಸರು ಪೂರ್ತಿ ಬರೆಯಬೇಕು. ಹಾಗೆ ಬರೆದದ್ದನ್ನೆಲ್ಲ ವಿಂಗಡಿಸಿದಾಗ ದೇಶಕ್ಕೆಲ್ಲ ಸೇರಿ ನಾಸ್ತಿಕರೆಂದು ಸಿಕ್ಕವರು 33,304. 'ಧರ್ಮ ತಿಳಿಸದವರು' ಎಂಬ ದೊಡ್ಡ ಗುಂಪಿನಲ್ಲಿ ಇದ್ದವರು ಸುಮಾರು 28.7 ಲಕ್ಷ, ಅಂದರೆ ಶೇಕಡಾ ಕಾಲು ಕೂಡ ಅಲ್ಲ.

ಆ ಗಣತಿ ಮುಗಿದ ಮರುವರ್ಷವೇ, 2012ರಲ್ಲಿ, ವಿನ್-ಗ್ಯಾಲಪ್ ಸಂಸ್ಥೆ ತನ್ನ ಜಾಗತಿಕ ಸಮೀಕ್ಷೆ ಪ್ರಕಟಿಸಿತು. ಪೂಜಾಸ್ಥಳಕ್ಕೆ ಹೋಗುವುದು ಬಿಡುವುದು ಬೇರೆ ಮಾತು, ನಿಮ್ಮನ್ನು ನೀವು ಧಾರ್ಮಿಕ ವ್ಯಕ್ತಿ ಅನ್ನುತ್ತೀರೋ, ಧಾರ್ಮಿಕರಲ್ಲ ಅನ್ನುತ್ತೀರೋ, ದೃಢ ನಾಸ್ತಿಕ ಅನ್ನುತ್ತೀರೋ ಎಂಬುದು ಅವರ ಪ್ರಶ್ನೆ. ಭಾರತದಲ್ಲಿ ಶೇ. 81 ಮಂದಿ ಧಾರ್ಮಿಕರು, ಶೇ. 13 ಧಾರ್ಮಿಕರಲ್ಲ, ಶೇ. 3 ದೃಢ ನಾಸ್ತಿಕರು. 121 ಕೋಟಿಗೆ ಶೇ. 3 ಹಾಕಿದರೆ ಮೂರೂವರೆ ಕೋಟಿ ದಾಟುತ್ತದೆ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ. ಎರಡು ಲೆಕ್ಕಗಳ ನಡುವೆ ಸಾವಿರ ಪಟ್ಟಿಗೂ ಮಿಕ್ಕಿದ ಅಂತರ!

ಯಾವುದು ಸುಳ್ಳು? ಎರಡೂ ಸುಳ್ಳಲ್ಲ ಎಂಬುದೇ ತಮಾಷೆ. ಗಣತಿ ಕೇಳಿದ್ದು ನೀನು ಯಾರ ಪೈಕಿ ಎಂದು. ಗ್ಯಾಲಪ್ ಕೇಳಿದ್ದು ನೀನು ಎಂಥವನು ಎಂದು. ಮೊದಲನೆಯದಕ್ಕೆ ಉತ್ತರ ಹುಟ್ಟಿನಲ್ಲೇ ಸಿಕ್ಕಿರುತ್ತದೆ, ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕು. ಜೊತೆಗೆ ಗಣತಿಯಲ್ಲಿ ಮನೆಯಲ್ಲಿ ಸಿಕ್ಕವರೊಬ್ಬರು ಎಲ್ಲರ ಪರವಾಗಿ ಹೇಳುತ್ತಾರೆ. ಅಪ್ಪ "ಹಿಂದೂ" ಎಂದರೆ ಬೆಂಗಳೂರಿಂದ ರಜಕ್ಕೆ ಬಂದು ಮಹಡಿಯ ಮೇಲೆ ಮಲಗಿರುವ ಮಗನೂ ಹಿಂದೂ. ಅವನನ್ನು ಎಬ್ಬಿಸಿ ಯಾರು ಕೇಳುತ್ತಾರೆ? ಸಮೀಕ್ಷೆಯವರಾದರೆ ಆ ಮಗನನ್ನೇ ಕೂರಿಸಿಕೊಂಡು ಕೇಳುತ್ತಾರೆ.

ಇನ್ನೊಂದನ್ನೂ ನೋಡಿದೆ. ಪ್ಯೂ ಸಂಶೋಧನಾ ಕೇಂದ್ರದವರು 2019ರ ನವೆಂಬರಿನಿಂದ 2020ರ ಮಾರ್ಚಿನವರೆಗೆ 29,999 ವಯಸ್ಕರನ್ನು ಮುಖಾಮುಖಿ ಕಂಡು ಮಾತಾಡಿಸಿದ್ದರು. ದೇವರನ್ನು ನಂಬುತ್ತೇವೆ ಎಂದವರು ಶೇ. 97. ಉಳಿದದ್ದು ಶೇ. 3, ಗ್ಯಾಲಪ್‌ನ ಶೇ. 3ಕ್ಕೆ ಸರಿಯಾಗಿ ಕೂತುಬಿಟ್ಟಿತಲ್ಲ ಎಂದು ಯಾರಿಗಾದರೂ ಖುಷಿಯಾಗಬಹುದು. ಆದರೆ ಇವರು ಅವರೇ ಅಲ್ಲ. ಪ್ಯೂ ಸಮೀಕ್ಷೆಯಲ್ಲಿ ಬೌದ್ಧರ ಪೈಕಿ ಮೂರನೆಯ ಒಂದು ಪಾಲು ದೇವರನ್ನು ನಂಬುವುದಿಲ್ಲ ಎಂದಿದ್ದಾರೆ, ಮತ್ತು ತಾವು ಬೌದ್ಧ ಧರ್ಮದವರೆಂದೇ ಹೇಳಿದ್ದಾರೆ. ದೇವರಿಲ್ಲ, ಧರ್ಮವಿದೆ. ಅವರು ನಮ್ಮ ಹುಡುಗಿಯ ಸಂಶೋಧನೆಯ ಒಳಗೋ ಹೊರಗೋ?

ಅದೇ ವರದಿಯ ಇನ್ನೊಂದು ಅಂಕಿ ತಲೆಯಲ್ಲಿ ಕೂತಿದೆ. ದನದ ಮಾಂಸ ತಿಂದವನು ಹಿಂದೂ ಆಗಲಾರ ಎಂದ ಹಿಂದೂಗಳು ಶೇ. 72. ದೇವರನ್ನು ನಂಬದವನು ಹಿಂದೂ ಆಗಲಾರ ಎಂದವರು ಶೇ. 49 ಮಾತ್ರ. ಬೇಲಿ ತಟ್ಟೆಯ ಸುತ್ತ ಗಟ್ಟಿಯಾಗಿದೆ, ನಂಬಿಕೆಯ ಸುತ್ತ ಸಡಿಲವಾಗಿದೆ. ನಂಬಿಕೆಯನ್ನು ಅಳೆಯಲು ಹೊರಟವಳಿಗೆ ಇದು ಮೊದಲ ಎಚ್ಚರಿಕೆ.

ಜನವರಿ 18, ಭಾನುವಾರ, ಭದ್ರಾವತಿ

ಹುಡುಗಿಯ ಜೊತೆ ಭದ್ರಾವತಿಗೆ ಬಸ್ಸಿನಲ್ಲಿ ಹೋದೆ. ಪೇಪರ್ ಟೌನ್ ಕಡೆ ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅಂದಿನಿಂದ ತೂಗುಯ್ಯಾಲೆ. ಆದರೆ ಈ ಊರಿನ ಇನ್ನೊಂದು ಚರಿತ್ರೆ ಅವಳಿಗೆ ಬೇಕಿತ್ತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಇಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಎಪ್ಪತ್ತರ ದಶಕದಲ್ಲಿ ಈ ಕ್ವಾರ್ಟರ್ಸುಗಳಲ್ಲಿ ಶಿಫ್ಟು ಮುಗಿಸಿ ಬಂದವರು ಕೂತು ಅಂಬೇಡ್ಕರರನ್ನು ಓದಿದ್ದಾರೆ.

ಅಂಥ ಒಬ್ಬರ ಮನೆಗೆ ಹೋದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಿಂದ ನಿವೃತ್ತರು, ಎಪ್ಪತ್ತು ದಾಟಿದೆ. ಹಾಲಿನಲ್ಲಿ ಅಂಬೇಡ್ಕರ್, ಬುದ್ಧ, ಕುವೆಂಪು ಫೋಟೋಗಳು ಸಾಲಾಗಿ. ಒಳಗೆ ಅಡಿಗೆಮನೆಯ ಗೂಡಿನಲ್ಲಿ ಹೆಂಡತಿಯ ಎಲ್ಲಮ್ಮ.

ಹುಡುಗಿ ಹುಷಾರಾಗಿ ಶುರುಮಾಡಿದಳು. ದೇವರ ಬಗ್ಗೆ ನಿಮ್ಮ ಅಭಿಪ್ರಾಯ?

"ಇಲ್ಲ ಅಂತ ಸಾಧ್ಸಕ್ಕೆ ನಾನು ಹೋಗಲ್ಲಮ್ಮ. ಇದ್ರೆ ಇರ್ಲಿ. ನಂಗೂ ಅವನಿಗೂ ವ್ಯವಹಾರ ಇಲ್ಲ."

ದೇವಸ್ಥಾನ? ಮಗಳ ಮದುವೆಯಲ್ಲೂ ಒಳಗೆ ಕಾಲಿಟ್ಟಿಲ್ಲ, ಹೊರಗೆ ಪೆಂಡಾಲಿನಲ್ಲಿ ಕೂತಿದ್ದರಂತೆ. ಹೆಂಡತಿ ಇನ್ನೂ ಅದನ್ನು ಮರೆತಿಲ್ಲ, ಒಳಗಿನಿಂದಲೇ ಒಂದು ಮಾತು ಬಂತು. ಆಯುಧಪೂಜೆ? "ಅದು ಬಿಟ್ಟಿಲ್ಲ. ಮಿಷಿನ್ನಿಗೆ ನಾನೇ ಹೂ ಹಾಕ್ತಿದ್ದೆ. ಅದು ದೇವ್ರದಲ್ಲ ಮೇಡಂ, ನಮ್ದು. ವರ್ಷಕ್ಕೊಂದಿನ ಶಾಪಿನಲ್ಲಿ ದೊಡ್ಡ ಸಾಹೇಬರೂ ನಾವೂ ಒಟ್ಟಿಗೆ ಮಂಡಕ್ಕಿ ತಿಂತಿದ್ವಿ."

ಕೊನೆಗೆ ನಾನು ಕೇಳಿದೆ: 2011ರಲ್ಲಿ ಗಣತಿಯವರು ಬಂದಾಗ ಏನು ಬರೆಸಿದಿರಿ?

"ಹಿಂದೂ."

ಯಾಕೆ ಎಂದು ಕೇಳುವ ಮೊದಲೇ ಅವರೇ ಹೇಳಿದರು. ಏಳನೆಯ ಪ್ರಶ್ನೆಯ ಕೆಳಗೇ ಎಂಟನೆಯದಿದೆ, ಪರಿಶಿಷ್ಟ ಜಾತಿಯೋ ಪಂಗಡವೋ ಎಂದು. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳನ್ನಷ್ಟೇ ಪರಿಶಿಷ್ಟ ಜಾತಿ ಎಂದು ಒಪ್ಪಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಗಣತಿದಾರರಿಗೆ ಕೊಟ್ಟ ಸೂಚನೆಯೂ ಅದೇ: ಈ ಮೂರು ಧರ್ಮದವರಲ್ಲಿ ಮಾತ್ರ ಪರಿಶಿಷ್ಟ ಜಾತಿ ಇರಲು ಸಾಧ್ಯ. ಪಂಗಡಕ್ಕೆ ಈ ಕಟ್ಟು ಇಲ್ಲ. ಹೀಗಿರುವಾಗ ಏಳರಲ್ಲಿ "ಧರ್ಮವಿಲ್ಲ" ಎಂದವರನ್ನು ಎಂಟರಲ್ಲಿ ಪರಿಶಿಷ್ಟ ಜಾತಿ ಎಂದು ಬರೆದುಕೊಳ್ಳುವುದು ಹೇಗೆ?

"ದೇವ್ರನ್ನ ಬಿಟ್ಟೆ. ನಮ್ಮ ಜನದ ಲೆಕ್ಕದಿಂದ ನನ್ನ ತಲೆ ಯಾಕೆ ಕಳೀಲಿ?"

ಗಣತಿಯಲ್ಲಿ ಹೇಳಿದ್ದನ್ನು ಅವರ ಜಾತಿ ಪ್ರಮಾಣಪತ್ರದ ವಿರುದ್ಧ ಯಾರೂ ಬಳಸುವಂತಿಲ್ಲ. 1948ರ ಗಣತಿ ಕಾಯ್ದೆಯ ಪ್ರಕಾರ ಆ ದಾಖಲೆ ಗೋಪ್ಯ, ಸಾಕ್ಷ್ಯವಾಗಿ ಕೋರ್ಟಿಗೂ ಬರುವುದಿಲ್ಲ. ಇದನ್ನು ಹೇಳಿದೆ. ಅವರಿಗೆ ಗೊತ್ತಿತ್ತು. ಅವರ ಚಿಂತೆ ತಮ್ಮ ಸರ್ಟಿಫಿಕೇಟಿನದಲ್ಲ, ಮೊತ್ತದ್ದು. ಆ ಮೊತ್ತದ ಮೇಲೆ ಮೀಸಲು ಕ್ಷೇತ್ರ, ಅನುದಾನ ಎಲ್ಲ ನಿಲ್ಲುತ್ತದೆ.

33,304 ಎಂಬ ಅಂಕಿಯಲ್ಲಿ ಈ ಮನುಷ್ಯ ಇಲ್ಲ. ಇನ್ನೂ ಇಂಥವರು ಎಷ್ಟು ಮಂದಿಯೋ.

ಜನವರಿ 24, ಶನಿವಾರ

ಹುಡುಗಿ ಪಂಡಿತರ ವ್ಯಾಖ್ಯೆಗಳನ್ನು ಟಿಪ್ಪಣಿ ಮಾಡಿಕೊಂಡು ಬಂದಿದ್ದಳು. ಧರ್ಮ ಬಿಟ್ಟವರ ಅಧ್ಯಯನ ಒಂದು ಶಾಖೆಯಾಗಿ ನಿಂತದ್ದೇ ಇತ್ತೀಚೆಗೆ. 1971ರಲ್ಲಿ ಕಾಲಿನ್ ಕ್ಯಾಂಪ್‌ಬೆಲ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಇಂಥ ಅಧ್ಯಯನ ಬೇಕು ಎಂದು ಪುಸ್ತಕವನ್ನೇ ಬರೆದ. ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಶೋಧಕರ ಬಳಗವೊಂದು ಕಟ್ಟಿಕೊಂಡಿದ್ದು 2008ರಲ್ಲಿ.

ಭದ್ರಾವತಿಯ ಯಜಮಾನರನ್ನೇ ಮುಂದಿಟ್ಟುಕೊಂಡು ಒಂದೊಂದು ವ್ಯಾಖ್ಯೆಯನ್ನೂ ಹಾಕಿ ನೋಡಿದೆವು.

ಸ್ಟೀಫನ್ ಬುಲಿವಂಟ್ ಹೇಳುವ ಪ್ರಕಾರ ದೇವರು ಇದ್ದಾನೆಂಬ ನಂಬಿಕೆ ಇಲ್ಲದಿದ್ದರೆ ಸಾಕು, ಅದು ನಾಸ್ತಿಕತೆ. ಇಲ್ಲವೆಂದು ಸಾಧಿಸುವ ಹಟ ಬೇಕಿಲ್ಲ. ಯಜಮಾನರು ಸಲೀಸಾಗಿ ಒಳಗೆ ಬಂದರು. ಆದರೆ ಈ ಬಲೆಗೆ ದೇವರನ್ನು ನಂಬದ ಬೌದ್ಧ ಭಿಕ್ಷುವೂ ಬೀಳುತ್ತಾನೆ, ಕರ್ಮಠ ಮೀಮಾಂಸಕನೂ ಬೀಳಬಹುದು. ಯಜ್ಞ ಮಾಡಿಸುವವನನ್ನು ತಂದು ಧರ್ಮವಿಲ್ಲದವರ ಸಾಲಿನಲ್ಲಿ ಕೂರಿಸಿದರೆ ಅವನು ಸುಮ್ಮನಿರುತ್ತಾನೆಯೇ?

ಲೋಯಿಸ್ ಲೀ ಬೇರೆ ದಾರಿ ಹಿಡಿದಿದ್ದಾರೆ. ಧರ್ಮದಿಂದ ತಾನು ಬೇರೆ ಎಂಬ ಸಂಬಂಧದಿಂದಲೇ ಮುಖ್ಯವಾಗಿ ಗುರುತು ಪಡೆಯುವುದೆಲ್ಲ ಅವರ ಅಧ್ಯಯನದ ವಸ್ತು. ಧರ್ಮದ ಗೊಡವೆಯೇ ಇಲ್ಲದೆ ನಡೆಯುವುದು ಇದರಲ್ಲಿ ಬರುವುದಿಲ್ಲ. ಇದು ಸೂಕ್ಷ್ಮವಾದ ಮಾತು. "ನಂಗೂ ಅವನಿಗೂ ವ್ಯವಹಾರ ಇಲ್ಲ" ಎಂದಾಗ ಯಜಮಾನರು ಲೀ ಅವರ ಪಟ್ಟಿಯಿಂದ ಹೊರಗೆ. ಅದು ಬರೀ ಉದಾಸೀನ. ಮಗಳ ಮದುವೆಯಲ್ಲಿ ಪೆಂಡಾಲಿನಲ್ಲೇ ಕೂತಾಗ ಒಳಗೆ. ಅದು ಎದ್ದು ಕಾಣುವ ನಿಲುವು. ಹೂ ಹಾಕಿದ ಆಯುಧಪೂಜೆಯ ದಿನ ಎಲ್ಲಿ? ನಾವಿಬ್ಬರೂ ಜಗಳವಾಡಿದೆವು. ಅವಳು ಹೊರಗೆ ಅಂದಳು. ಆ ದಿನಕ್ಕೆ ಅವರು "ದೇವರದಲ್ಲ, ನಮ್ದು" ಎಂದು ಬೇರೆ ಅರ್ಥ ಕೊಟ್ಟಿದ್ದಾರಲ್ಲ, ಹಾಗಾಗಿ ಒಳಗೆ ಎಂದು ನನ್ನ ವಾದ.

ನನಗೆ ಹಿಡಿಸಿದ್ದು ಜರ್ಮನಿಯ ಯೊಹಾನೆಸ್ ಕ್ವಾಕ್. ಆತ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಜೊತೆ ಓಡಾಡಿ 2012ರಲ್ಲಿ ಪುಸ್ತಕ ತಂದವರು. ಊರವರೆಲ್ಲ ನಾಸ್ತಿಕರ ಸಂಘ ಎಂದೇ ಕರೆಯುವ ಆ ಸಮಿತಿ ದೇವರ ವಿಷಯದಲ್ಲಿ ಅಧಿಕೃತವಾಗಿ ತಟಸ್ಥ. ಅದರ ಹೋರಾಟ ಶೋಷಣೆಯ, ಮೋಸದ ವಿರುದ್ಧ. ಮನುಷ್ಯನ ತಲೆಯೊಳಗೆ ಏನಿದೆ ಎಂದು ಇಣುಕುವ ಬದಲು, ಅವನು ಯಾವ ಊರಿನ ಯಾವ ಧರ್ಮದ ಯಾವ ಆಚರಣೆಗೆ ಎದುರಾಗಿ, ಪಕ್ಕದಲ್ಲಿ, ಇಲ್ಲವೇ ದೂರದಲ್ಲಿ ನಿಂತಿದ್ದಾನೆ ಎಂದು ನೋಡಬೇಕೆನ್ನುತ್ತಾರೆ ಕ್ವಾಕ್. ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ ಚಂದ್ರಗುತ್ತಿ. 1986ರಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದರು, ಭಕ್ತರ ಗುಂಪು ತಿರುಗಿಬಿದ್ದು ಅವರನ್ನೂ ಪೊಲೀಸರನ್ನೂ ಥಳಿಸಿತು, ಆಮೇಲೆ ಸರ್ಕಾರ ನಿಷೇಧ ತಂತು. ತಡೆಯಲು ಹೋದವರೆಲ್ಲ ದೇವರಿಲ್ಲ ಎಂದವರೇ ಆಗಿರಬೇಕಿಲ್ಲ. ಹೆಣ್ಣುಮಕ್ಕಳ ಮಾನದ ಪ್ರಶ್ನೆ ಅದು. ನಂಬಿಕೆಯನ್ನಷ್ಟೇ ಅಳೆಯುವ ಪ್ರಶ್ನಾವಳಿಗೆ ಚಂದ್ರಗುತ್ತಿ ಕಾಣುವುದೇ ಇಲ್ಲ.

ಫೆಬ್ರವರಿ 2, ಸೋಮವಾರ

ಶಿವಮೊಗ್ಗದಲ್ಲಿ ಪ್ರಾಯೋಗಿಕವಾಗಿ ಕೆಲವರನ್ನು ಕೇಳಿ ಬಂದಿದ್ದಾಳೆ. ಇಬ್ಬರ ವಿಷಯ ಬರೆದಿಡುತ್ತೇನೆ.

ಒಬ್ಬರು ದುರ್ಗಿಗುಡಿ ಕಡೆಯ ನಿವೃತ್ತ ಶಿಕ್ಷಕಿ. ದೇವಸ್ಥಾನಕ್ಕೆ ಹೋಗುತ್ತೀರಾ? ಎಂದೂ ಇಲ್ಲ. ಮೂರ್ತಿಪೂಜೆ? ಇಲ್ಲ. ಜಾತಕ, ಮುಹೂರ್ತ, ಹೋಮ? ಛೆ. ಕರಡಿನ ಲೆಕ್ಕದಲ್ಲಿ ಅವರಿಗೆ ಧರ್ಮವಿಲ್ಲದವರ ಪೈಕಿ ಬಹಳ ಮೇಲಿನ ಅಂಕ ಬಂದಿದೆ. ಏಳುವಾಗ ಅವರ ಕೊರಳಿನ ಕರಡಿಗೆ ಕಂಡಿತಂತೆ. ಇಷ್ಟಲಿಂಗ, ದಿನವೂ ಅಂಗೈಯಲ್ಲಿಟ್ಟು ಪೂಜೆ. ಆಕೆ ಗುಡಿ ಬಿಟ್ಟದ್ದು ಬಸವಣ್ಣನವರ ಮಾತನ್ನು ಮನಸಾರೆ ಒಪ್ಪಿದ್ದರಿಂದ. ಚರ್ಚಿಗೆ ಹೋಗುವುದು ಬಿಟ್ಟರೆ ಧರ್ಮ ಸಡಿಲವಾಯಿತೆಂದು ಲೆಕ್ಕ ಹಾಕುವ ದೇಶಗಳಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಹಾಗೇ ತಂದು ಇಲ್ಲಿ ಕೇಳಿದರೆ ಹೀಗಾಗುತ್ತದೆ. ಕಲ್ಯಾಣದ ಶರಣರನ್ನೇ ಪಟ್ಟಿಗೆ ಸೇರಿಸಿಬಿಡುತ್ತೇವೆ.

ಇನ್ನೊಬ್ಬ ಮುಸ್ಲಿಂ ಮನೆತನದ ಯುವಕ. ನಮಾಜು, ಉಪವಾಸ ಎರಡೂ ಬಿಟ್ಟು ಕಾಲವಾಯಿತು, ದೇವರೂ ಇಲ್ಲ ಎನ್ನುತ್ತಾನೆ. ಗಣತಿಯಲ್ಲಿ ಏನು ಬರೆಸುತ್ತೀಯ ಎಂದರೆ "ಮುಸ್ಲಿಂ, ಇನ್ನೇನು" ಎಂದನಂತೆ. "ಈ ಊರಲ್ಲಿ ಗಲಾಟೆ ಆದಾಗ ನಂಬಿಕೆ ಕೇಳಿ ಯಾರೂ ಕಲ್ಲು ಹೊಡೆಯಲ್ಲ ಅಕ್ಕ. ಹೆಸರು ನೋಡಿ ಹೊಡೀತಾರೆ." ಅಮ್ಮನ ಮುಂದೆ ಈ ಮಾತು ಆಡಬೇಡಿ ಎಂದೂ ಕೇಳಿಕೊಂಡನಂತೆ.

ಹಿಂದೂ ಮನೆಯಲ್ಲಿ ಹುಟ್ಟಿ ಬಿಟ್ಟೆನೆಂದವರಿಗೆ ಕಾನೂನೂ ಬಿಡುಗಡೆ ಕೊಡುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಅನ್ವಯವಾಗುವುದು ಯಾರಿಗೆ ಎಂದು ಎರಡನೆಯ ಸೆಕ್ಷನ್ನಿನಲ್ಲಿ ಹೇಳುವಾಗ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಉಳಿದೆಲ್ಲರನ್ನೂ ಒಳಗೆ ಎಳೆದುಕೊಂಡಿದ್ದಾರೆ. ಚಾರ್ವಾಕ ಬಂದು ಮದುವೆಯಾದರೂ ಅದೇ ಕಾಯ್ದೆ; ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನದ ನೋಟಿಸು ಕೊಟ್ಟು ಕಾಯಬೇಕು.

ಅಮೆರಿಕದ ಕಥೆ ತಿರುಗುಮುರುಗು. ಅಲ್ಲಿ ಸುಮಾರು ಶೇ. 29 ವಯಸ್ಕರು ತಮಗೆ ಯಾವ ಧರ್ಮವೂ ಇಲ್ಲ ಅನ್ನುತ್ತಾರೆ, ಅವರಲ್ಲಿ ನಾಸ್ತಿಕರೆಂದು ಕರೆದುಕೊಳ್ಳುವವರು ಐದರಲ್ಲಿ ಒಂದು ಪಾಲಿಗೂ ಕಡಿಮೆ. ದೇವರನ್ನೋ ಇನ್ಯಾವುದೋ ಶಕ್ತಿಯನ್ನೋ ನಂಬುತ್ತಲೇ ಧರ್ಮದ ಹೆಸರು ಬಿಟ್ಟವರು ಅಲ್ಲಿ ಹೆಚ್ಚು. ಇಲ್ಲಿ ದೇವರನ್ನು ಬಿಟ್ಟವರೂ ಹೆಸರು ಬಿಡುವುದಿಲ್ಲ, ಬಿಟ್ಟರೆ ಕಷ್ಟ.

ಫೆಬ್ರವರಿ 15, ಭಾನುವಾರ, ಶಿವರಾತ್ರಿ

ಬೀದಿಯಲ್ಲಿ ಭಜನೆ. ಪಕ್ಕದ ಮನೆಯಿಂದ ತಂಬಿಟ್ಟು ಬಂತು, ತಿಂದೆ. ಇದಕ್ಕೆ ಯಾವ ಅಂಕ ಕೊಡುತ್ತಾಳೋ!

ಹುಡುಗಿ ಫೋನಿನಲ್ಲಿ ಒಂದು ಸವಾಲು ಹಾಕಿದಳು: "ಕುವೆಂಪು ಅವರನ್ನು ಎಲ್ಲಿ ಹಾಕ್ತೀರಿ ಮೇಡಂ?" ಅವಳ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು, ಕೇಳದೆ ಇರುತ್ತಾಳೆಯೇ. ಪುರೋಹಿತಶಾಹಿಯನ್ನು ಅವರಷ್ಟು ಖಾರವಾಗಿ ಬೈದವರು ಕನ್ನಡದಲ್ಲಿ ಕಡಿಮೆ. ಪುರೋಹಿತನಿಲ್ಲದ ಮಂತ್ರಮಾಂಗಲ್ಯ ಕೊಟ್ಟರು, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಮಲೆನಾಡಿನಲ್ಲಿ ಇವತ್ತಿಗೂ ಆ ಪುಸ್ತಿಕೆ ಹಿಡಿದು ಮದುವೆಯಾಗುವವರಿದ್ದಾರೆ, ಅವರಲ್ಲಿ ಪಕ್ಕಾ ನಾಸ್ತಿಕರೂ ಇದ್ದಾರೆ. ಅದೇ ಕುವೆಂಪು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಇದ್ದು ಓದಿದವರು, ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆ ಬರೆದವರು, ಶ್ರೀರಾಮಾಯಣ ದರ್ಶನಂ ಬರೆದವರು. ಬುಲಿವಂಟ್ ವ್ಯಾಖ್ಯೆಯಲ್ಲಿ ಅವರು ನಾಸ್ತಿಕರಲ್ಲವೇ ಅಲ್ಲ. ಆದರೆ ಧರ್ಮವಿಲ್ಲದವರ ಮದುವೆಗೆ ಈ ಜಿಲ್ಲೆಯಲ್ಲಿ ಸಿಗುವ ಸಿದ್ಧ ವಿಧಿ ಅವರದೇ. ಭದ್ರಾವತಿಯ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರರ ಪಕ್ಕ ಅವರಿದ್ದದ್ದು ಅದಕ್ಕೇ.

ಅವರನ್ನು ಎಲ್ಲೂ ಹಾಕಬೇಡ ಎಂದೆ. ವ್ಯಕ್ತಿಯನ್ನು ಬಿಟ್ಟು ಮಂತ್ರಮಾಂಗಲ್ಯವನ್ನು ಅಧ್ಯಯನ ಮಾಡು. ಯಾರು, ಯಾಕೆ, ಮನೆಯವರಲ್ಲಿ ಯಾರನ್ನು ಒಪ್ಪಿಸಿ ಅದನ್ನು ಆರಿಸಿಕೊಂಡರು. ಮದುವೆಯ ಮರುದಿನ ಮನೆಗೆ ಹೋಗಿ ಸತ್ಯನಾರಾಯಣ ಪೂಜೆ ಮಾಡಿಸಿದರೋ ಇಲ್ಲವೋ. ಅಲ್ಲಿ ವಿಷಯ ಸಿಗುತ್ತದೆ.

ಫೆಬ್ರವರಿ 17, ಮಂಗಳವಾರ

ಪ್ರಶ್ನಾವಳಿ ಒಂದು ಹದಕ್ಕೆ ಬಂತು. "ನಾಸ್ತಿಕರೇ" ಎಂಬ ಮೊದಲ ಪ್ರಶ್ನೆ ಹೋಯಿತು. ಬದಲಿಗೆ ಸರ್ಕಾರಿ ಕಾಗದದಲ್ಲಿ ಏನು ಬರೆಸುತ್ತೀರಿ, ಯಾಕೆ ಎಂಬುದು ಮೊದಲು. ಆಮೇಲೆ ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ. ನಂಬಿಕೆಯ ಪ್ರಶ್ನೆ ಅದಾದ ಮೇಲೆ, ಅದೂ ಒಂದೇ ದೇವರೆಂದಲ್ಲ. ಮನೆದೇವರು, ಭೂತ, ದೃಷ್ಟಿ, ಶಕುನ, ಕರ್ಮ, ಒಂದೊಂದೂ ಬೇರೆ. ಆಚರಣೆಯಲ್ಲಿ ಏನು ಮಾಡುತ್ತೀರಿ ಎಂಬುದರ ಜೊತೆ ಏನನ್ನು ಬೇಕೆಂದೇ ಬಿಟ್ಟಿರಿ, ಯಾರ ಎದುರಿಗೆ ಬಿಟ್ಟಿರಿ ಎಂದೂ ಇದೆ. ಮನೆಯ ಉಳಿದವರು ಇಲ್ಲದ ಹೊತ್ತಿನಲ್ಲಿ ಕೇಳಬೇಕು ಎಂದು ಮೇಲೆಯೇ ಬರೆಸಿದ್ದೇನೆ.

ಈ ಉತ್ತರಗಳನ್ನು ಕೂಡಿಸಿ ಒಂದೇ ಅಂಕ ಮಾಡಕೂಡದು ಎಂಬುದಕ್ಕೆ ಅವಳು ಒಪ್ಪಲು ಹೊತ್ತು ಹಿಡಿಯಿತು. ಒಟ್ಟು ಎಷ್ಟು ಮಂದಿ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ ಎಂಬ ಭಯ. ಕೇಳಲಿ. ಕಾಗದದಲ್ಲಿ ಇಷ್ಟು, ನಂಬಿಕೆಯಲ್ಲಿ ಇಷ್ಟು, ನಡವಳಿಕೆಯಲ್ಲಿ ಇಷ್ಟು, ಮತ್ತು ಇವು ಒಂದೇ ಜನರಲ್ಲ ಎಂದು ಹೇಳು. ಭದ್ರಾವತಿಯ ಯಜಮಾನರು, ಕರಡಿಗೆಯ ಟೀಚರು, ಆ ಹುಡುಗ ಮೂವರನ್ನೂ ಒಂದೇ ಅಂಕಕ್ಕೆ ಇಳಿಸಿದರೆ ಉಳಿಯುವುದು ಸುಳ್ಳು.

ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. ಕಳೆದ ಗಣತಿಯಲ್ಲಿ ಗಣತಿದಾರರಿಗೆ ಇದ್ದ ಸೂಚನೆ ಸ್ಪಷ್ಟ: ಹೆಸರು ನೋಡಿ ಧರ್ಮ ಊಹಿಸಬಾರದು, ವಾದ ಮಾಡಬಾರದು, ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ನಮ್ಮ ಮನೆಯಲ್ಲಿ ಹಿಂದಿನ ಸಲ ಎಲ್ಲರ ಉತ್ತರವನ್ನೂ ಒಬ್ಬರೇ ಹೇಳಿದ್ದು. ಈ ಸಲ ಧರ್ಮದ ಪ್ರಶ್ನೆಗೆ ಅವರವರ ಉತ್ತರ ಅವರವರೇ ಹೇಳತಕ್ಕದ್ದು ಎಂದು ಮಕ್ಕಳಿಗೆ ಇವತ್ತೇ ಫೋನು ಮಾಡಿ ಹೇಳಿದೆ.